ಡ್ರಾಯಿಂಗ್‌ನಲ್ಲಿ ಎರಡೂ ಪಂಪ್ ದುಂಡಗೇ ಇರುತ್ತವೆ

ಈ ಸಲ ನಮ್ಮ ಶಿಫ್ಟ್‌ಗೆ ಬಂದ ಎಒಸಿಪಿ ಅಪ್ರೆಂಟಿಸ್ ಹುಡುಗ ಚುರುಕು. ಪೈಪ್, ವಾಲ್ವ್, ಗೇಜ್‌ಗಳನ್ನು ಗುರುತುಗಳಲ್ಲಿ ತೋರಿಸುವ ಡ್ರಾಯಿಂಗ್ ಆದ ಪಿ ಅಂಡ್ ಐಡಿ ಕೈಯಲ್ಲಿ ಹಿಡಿದು ಕೂಲಿಂಗ್ ವಾಟರ್ ಲೈನನ್ನು ತಾನೇ ಟ್ರೇಸ್ ಮಾಡಿದ್ದ. ತುದಿಗೆ ತುದಿ ತಾಗಿದ ಎರಡು ತ್ರಿಕೋನ, ಡಮರುವಿನ ಹಾಗೆ ಇದ್ದರೆ ಗೇಟ್ ವಾಲ್ವ್. ಅದರ ನಡುವೆ ಕಪ್ಪು ಚುಕ್ಕೆ ಇದ್ದರೆ ಗ್ಲೋಬ್, ಖಾಲಿ ಸೊನ್ನೆ ಇದ್ದರೆ ಬಾಲ್. ಇಷ್ಟೂ ಅವನಿಗೆ ಬಾಯಿಪಾಠ. ಪಂಪ್ ಸ್ಟಾರ್ಟ್ ಮಾಡುವುದನ್ನೂ ಅಲ್ಲೇ ಕಲಿತಿದ್ದ: ಸಕ್ಷನ್ ಪೂರ್ತಿ ಓಪನ್, ಡಿಸ್ಚಾರ್ಜ್ ಕ್ಲೋಸ್, ಸ್ಟಾರ್ಟ್ ಒತ್ತು, ಪ್ರೆಶರ್ ನಿಂತ ಮೇಲೆ ಡಿಸ್ಚಾರ್ಜನ್ನು ನಿಧಾನವಾಗಿ ತೆಗೆ.

ಒಂದು ಸಿ ಶಿಫ್ಟ್‌ನಲ್ಲಿ ಬಾಯ್ಲರ್ ಹೌಸ್‌ನ ಡೇ ಟ್ಯಾಂಕ್ ಲೆವೆಲ್ ಇಳಿಯುತ್ತಿತ್ತು. ಫರ್ನೇಸ್ ಆಯಿಲ್ ಟ್ರಾನ್ಸ್‌ಫರ್ ಪಂಪ್‌ನ ಸ್ಟ್ಯಾಂಡ್‌ಬೈ ಚಾಲೂ ಮಾಡಬೇಕಿತ್ತು. ಫೀಲ್ಡ್ ಆಪರೇಟರ್ ಬೇರೆ ಕಡೆ ಇದ್ದರು. ಹುಡುಗ ಡ್ರಾಯಿಂಗ್ ತಗೊಂಡು ಹೊರಟ. ಸ್ವಲ್ಪ ಹೊತ್ತಿಗೆ ವಾಕಿಟಾಕಿಯಲ್ಲಿ ಅವನ ದನಿ.

“ಸರ್, ಪಂಪ್ ಓಡ್ತಾ ಇದೆ. ಪ್ರೆಶರ್ ಮಾತ್ರ ನಿಲ್ತಾ ಇಲ್ಲ. ಮುಳ್ಳು ನಡುಗ್ತಿದೆ.”

ನಾನು ಕಂಟ್ರೋಲ್ ರೂಮ್‌ನಲ್ಲಿದ್ದೆ. ನನ್ನ ಸ್ಕ್ರೀನ್‌ನಲ್ಲಿ ಕಾಣುತ್ತಿದ್ದದ್ದು ಟ್ಯಾಂಕ್ ಲೆವೆಲ್ ಒಂದೇ. ಪಂಪ್‌ನ ಎರಡೂ ಗೇಜ್‌ಗಳು ಡ್ರಾಯಿಂಗ್‌ನಲ್ಲಿ ಬರೀ ವೃತ್ತ, ಒಳಗೆ ಪಿಜಿ ಅಂತ ಅಕ್ಷರ, ನಡುವೆ ಗೆರೆ ಇಲ್ಲ. ಅಂದರೆ ಅವು ಫೀಲ್ಡ್‌ನಲ್ಲೇ ಇರುವ ಗೇಜ್‌ಗಳು. ಲೆವೆಲ್‌ನ ವೃತ್ತಕ್ಕೆ ಅಡ್ಡಗೆರೆಯಿದೆ, ಸುತ್ತ ಚೌಕವಿದೆ. ಹಾಗಾಗಿ ಅದು ಡಿಸಿಎಸ್‌ಗೆ ಬರುತ್ತದೆ. ನಾನು ಏನೇ ತಿಳಿದುಕೊಳ್ಳಬೇಕಿದ್ದರೂ ಆ ಹುಡುಗನ ಕಣ್ಣಿನಿಂದಲೇ ತಿಳಿಯಬೇಕಿತ್ತು.

ಮುಳ್ಳು ನಡುಗುತ್ತಿದೆ ಎಂದಾಗ ನನ್ನ ತಲೆಗೆ ಮೊದಲು ಬಂದದ್ದು ಸ್ಟ್ರೈನರ್. ಚಳಿಗೆ ಫರ್ನೇಸ್ ಆಯಿಲ್ ಗಟ್ಟಿಯಾಗುತ್ತದೆ, ಸಕ್ಷನ್ ಸ್ಟ್ರೈನರ್ ಕಟ್ಟಿಕೊಂಡು ಪಂಪ್ ಹಸಿದ ಹಾಗೆ ಸದ್ದು ಮಾಡುತ್ತದೆ. “ಸಕ್ಷನ್ ಗೇಜ್ ನೋಡು, ಸೊನ್ನೆಗಿಂತ ಕೆಳಗಿದ್ಯಾ?” ಎಂದೆ. ಸ್ಟ್ರೈನರ್ ಕಟ್ಟಿದ್ದರೆ ಅಲ್ಲಿ ವ್ಯಾಕ್ಯೂಮ್ ತೋರಿಸಬೇಕು.

“ಇಲ್ಲ ಸರ್, ಸೊನ್ನೆಗಿಂತ ಸ್ವಲ್ಪ ಮೇಲೇ ಇದೆ.”

ಟ್ಯಾಂಕ್‌ನ ಎಣ್ಣೆ ತನ್ನ ಎತ್ತರದ ಬಲದಿಂದಲೇ ಬರುತ್ತಿದೆ. ಹಾಗಾದರೆ ಸಕ್ಷನ್ ಸರಿಯಿದೆ. “ಡಿಸ್ಚಾರ್ಜ್ ಎಷ್ಟಿದೆ?”

“ಎಂಟರ ಹತ್ತಿರ, ಸರ್. ಮೇಲೆ ಕೆಳಗೆ ಆಡ್ತಿದೆ.”

ಆ ಲೈನ್ ಸಾಮಾನ್ಯವಾಗಿ 3 ಕೆಜಿಯಲ್ಲಿ ಓಡುತ್ತದೆ. ಸ್ಟ್ರೈನರ್ ಕಟ್ಟಿದರೆ ಡಿಸ್ಚಾರ್ಜ್ ಇಳಿಯಬೇಕೇ ಹೊರತು ಏರಬಾರದು. ಜತೆಗೆ ಈ 8 ಅನ್ನುವ ಅಂಕಿಯನ್ನು ನಾನು ನೋಡಿದ್ದೇನೆ. ಅದೇ ಶೀಟ್‌ನಲ್ಲಿ, ಪಂಪ್‌ನ ಪಕ್ಕ, ಪಿಎಸ್‌ವಿ, ಅಂದರೆ ರಿಲೀಫ್ ವಾಲ್ವ್‌ನ ಗುರುತಿನ ಕೆಳಗೆ ಬರೆದಿರುವ ಸೆಟ್ ಪ್ರೆಶರ್ ಅದು. ರಿಲೀಫ್ ವಾಲ್ವ್ ತೆರೆದು ಮುಚ್ಚಿ ಮಾಡುತ್ತಿತ್ತು. ಮುಳ್ಳು ಆಡುತ್ತಿದ್ದದ್ದು ಅದಕ್ಕೇ. “ಪಂಪ್ ನಿಲ್ಲಿಸು. ವಾಲ್ವ್ ಮುಟ್ಟಬೇಡ, ಮೊದಲು ಸ್ಟಾಪ್ ಒತ್ತು” ಎಂದೆ. ಅವನು ಡಿಸ್ಚಾರ್ಜ್ ಕ್ಲೋಸ್ ಮಾಡಿ, ಪ್ರೆಶರ್ ನಿಲ್ಲಲಿ ಅಂತ ಕಾಯುತ್ತಾ ನಿಂತಿದ್ದ. ಕೂಲಿಂಗ್ ವಾಟರ್‌ಗೆ ಅದು ಸರಿಯಾದ ಕ್ರಮ. ಆದರೆ ಇದು ಗೇರ್ ಪಂಪ್.

ಸೆಂಟ್ರಿಫ್ಯೂಗಲ್ ಪಂಪ್‌ನ ಇಂಪೆಲ್ಲರ್ ಮುಚ್ಚಿದ ವಾಲ್ವ್ ಎದುರು ಅಲ್ಲಲ್ಲೇ ನೀರನ್ನು ಕಡೆಯುತ್ತದೆ. ಪ್ರೆಶರ್ ಒಂದು ಮಿತಿಗೆ ಹೋಗಿ ನಿಲ್ಲುತ್ತದೆ, ಆಂಪ್ಸ್ ಕೂಡ ಕಡಿಮೆ ಇರುತ್ತದೆ. ಹಾಗೇ ಬಿಟ್ಟರೆ ನೀರು ಬಿಸಿಯಾಗಿ ಸೀಲ್ ಹೋಗುತ್ತದೆ, ಆದರೆ ಸ್ಟಾರ್ಟ್ ಮಾಡುವ ಆ ಸ್ವಲ್ಪ ಹೊತ್ತಿಗೆ ತೊಂದರೆಯಿಲ್ಲ. ಗೇರ್ ಪಂಪ್ ಹಾಗಲ್ಲ. ಹಲ್ಲುಗಳ ಸಂದಿನಲ್ಲಿ ಹಿಡಿದಷ್ಟು ಎಣ್ಣೆಯನ್ನು ಪ್ರತಿ ಸುತ್ತಿಗೂ ಮುಂದಕ್ಕೆ ತಳ್ಳುತ್ತದೆ. ಮುಂದೆ ಜಾಗ ಇಲ್ಲದಿದ್ದರೆ ಪ್ರೆಶರ್ ಏರುತ್ತಲೇ ಹೋಗುತ್ತದೆ. ರಿಲೀಫ್ ತೆರೆಯಬೇಕು, ಇಲ್ಲ ಮೋಟಾರ್ ಟ್ರಿಪ್ ಆಗಬೇಕು, ಇಲ್ಲ ಗ್ಯಾಸ್ಕೆಟ್ಟೋ ಕಪ್ಲಿಂಗೋ ಹೋಗಬೇಕು. ಇದನ್ನು ಡಿಸ್ಚಾರ್ಜ್ ಓಪನ್ ಇಟ್ಟೇ ಸ್ಟಾರ್ಟ್ ಮಾಡಬೇಕು. ಆ ರಾತ್ರಿ ರಿಲೀಫ್ ಕೆಲಸ ಮಾಡಿತು, ಅಷ್ಟೇ.

ಬೆಳಗ್ಗೆ ಅವನ ಕೈಯಲ್ಲಿದ್ದ ಡ್ರಾಯಿಂಗ್ ತೆಗೆದು ನೋಡಿದೆ. ಮೂಲ ಎ1 ಶೀಟ್‌ನಲ್ಲಿ ಸೆಂಟ್ರಿಫ್ಯೂಗಲ್ ಪಂಪ್ ಅಂದರೆ ಒಂದು ವೃತ್ತ, ಅದರ ಅಂಚಿನಿಂದ ನೇರವಾಗಿ ಹೊರಡುವ ಡಿಸ್ಚಾರ್ಜ್ ಮೂತಿ. ಗೇರ್ ಪಂಪ್ ಅಂದರೆ ವೃತ್ತದೊಳಗೆ ಒಂದಕ್ಕೊಂದು ತಾಗಿದ ಎರಡು ಚಿಕ್ಕ ವೃತ್ತಗಳು. ಫೀಲ್ಡ್‌ಗೆ ಕೊಟ್ಟಿರುವುದು ಎ3ಗೆ ಕುಗ್ಗಿಸಿದ ಜೆರಾಕ್ಸ್, ಆ ಜೆರಾಕ್ಸ್‌ನ ಇನ್ನೊಂದು ಜೆರಾಕ್ಸ್. ಒಳಗಿನ ಎರಡು ವೃತ್ತಗಳು ಮಸಿ ಹಿಡಿದು ಒಂದು ಕಪ್ಪು ಕಲೆಯಾಗಿದ್ದವು. ಹುಡುಗ ಸುಮ್ನೆ ಊಹೆ ಮಾಡಿದ್ದಲ್ಲ. ಅವನಿಗೆ ಅಲ್ಲಿ ನಿಜವಾಗಿಯೂ ಕಂಡದ್ದು ಒಂದು ವೃತ್ತ ಮಾತ್ರ. ವಾಲ್ವ್‌ಗಳದ್ದೂ ಇದೇ ಪಾಡು. ನಮ್ಮ ಡ್ರಾಯಿಂಗ್‌ಗಳಲ್ಲಿ ಪೂರ್ತಿ ಕಪ್ಪಾದ ತ್ರಿಕೋನಗಳಿದ್ದರೆ ಆ ವಾಲ್ವ್ ಸಾಮಾನ್ಯವಾಗಿ ಕ್ಲೋಸ್ ಇರಬೇಕು ಅಂತ ಅರ್ಥ. ಈ ಕಾಪಿಯಲ್ಲಿ ಬಿಳಿಯೂ ಕಪ್ಪೇ. ಗ್ಲೋಬ್‌ನ ಚುಕ್ಕೆಯನ್ನಂತೂ ಹುಡುಕಲೇಬೇಡಿ. ಲೆಜೆಂಡ್ ಶೀಟ್ ಕೇಳಿದರೆ ಡಾಕ್ಯುಮೆಂಟ್ ಕಂಟ್ರೋಲ್‌ನ ಬೀರುವಿನಲ್ಲಿದೆ ಎನ್ನುತ್ತಾರೆ. ಆ ಬೀರು ಜನರಲ್ ಶಿಫ್ಟ್‌ನಲ್ಲಿ ಮಾತ್ರ ತೆರೆಯುತ್ತದೆ. ರಾತ್ರಿ ಲೈನಪ್ ಮಾಡುವವರು ಏನು ಮಾಡಬೇಕು?

ಆದರೂ ಅದೇ ಕೆಟ್ಟ ಕಾಪಿಯಲ್ಲಿ ಸುಳಿವುಗಳು ಉಳಿದಿದ್ದವು. ಹುಡುಗನನ್ನು ಕೂರಿಸಿಕೊಂಡು ಅವನ್ನು ತೋರಿಸಿದೆ. ಪಂಪ್‌ನಿಂದ ಹೊರಟ ಗೆರೆಯ ಮೇಲೆ ಬೆರಳಿಟ್ಟು ಹೋಗು, ಮೊದಲು ಏನು ಸಿಗುತ್ತದೆ ನೋಡು ಎಂದೆ. ಕೂಲಿಂಗ್ ವಾಟರ್ ಶೀಟ್‌ನಲ್ಲಿ ಗೇಜ್, ಆಮೇಲೆ ನಾನ್ ರಿಟರ್ನ್ ವಾಲ್ವ್, ಆಮೇಲೆ ಐಸೊಲೇಷನ್ ವಾಲ್ವ್. ಫರ್ನೇಸ್ ಆಯಿಲ್ ಶೀಟ್‌ನಲ್ಲಿ ಮೊದಲ ವಾಲ್ವ್‌ಗೂ ಮುಂಚೆಯೇ ಒಂದು ಕವಲು ಒಡೆಯುತ್ತದೆ. ಆ ಕವಲಿನಲ್ಲಿ ಮೂಲೆ ತಿರುಗಿದ ವಾಲ್ವ್, ಅದರ ತಲೆಯ ಮೇಲೆ ಸ್ಪ್ರಿಂಗ್‌ನ ಅಂಕುಡೊಂಕು ಗೆರೆ, ಪಕ್ಕದಲ್ಲಿ ಪಿಎಸ್‌ವಿ ಅಂತ ಟ್ಯಾಗ್. ಅಲ್ಲಿಂದ ಲೈನ್ ವಾಪಸ್ ಸ್ಟೋರೇಜ್ ಟ್ಯಾಂಕ್‌ಗೆ. ಪಂಪ್‌ಗೂ ಡಿಸ್ಚಾರ್ಜ್ ವಾಲ್ವ್‌ಗೂ ನಡುವೆ ಪಿಎಸ್‌ವಿ ಕಂಡರೆ, ವೃತ್ತದೊಳಗೆ ಏನಿದೆ ಅಂತ ಗೊತ್ತಾಗುವ ತನಕ ಡಿಸ್ಚಾರ್ಜ್ ಮುಚ್ಚಿ ಸ್ಟಾರ್ಟ್ ಒತ್ತಬಾರದು. ಆದರೆ ಪಿಎಸ್‌ವಿ ಕಾಣಲಿಲ್ಲ ಅಂದಮಾತ್ರಕ್ಕೆ ಅದು ಸೆಂಟ್ರಿಫ್ಯೂಗಲ್ ಅಂತ ತೀರ್ಮಾನ ಮಾಡಬೇಡ ಅಂತಲೂ ಹೇಳಿದೆ. ಕೆಲವು ಗೇರ್ ಪಂಪ್‌ಗಳಿಗೆ ರಿಲೀಫ್ ಬಾಡಿಯೊಳಗೇ ಇರುತ್ತದೆ, ಡ್ರಾಯಿಂಗ್‌ನಲ್ಲಿ ಬೇರೆ ಕಾಣದೆ ಇರಬಹುದು.

ಆ ವಾಪಸ್ ಲೈನ್‌ನ ಮೇಲೆ ಒಂದು ಗೇಟ್ ವಾಲ್ವ್ ಇದೆ, ಪಕ್ಕದಲ್ಲಿ ಎಲ್‌ಒ ಎಂಬ ಎರಡಕ್ಷರ. ಲಾಕ್ಡ್ ಓಪನ್. ಸರಪಳಿ ಹಾಕಿ, ಬೀಗ ಹಾಕಿ, ಓಪನ್ ಆಗಿಯೇ ಇಡಬೇಕಾದ ವಾಲ್ವ್. ಅದನ್ನು ಯಾರಾದರೂ ಮುಚ್ಚಿಟ್ಟಿದ್ದರೆ ಆ ರಾತ್ರಿ ಮುಳ್ಳು 8ರಲ್ಲಿ ನಡುಗುತ್ತಾ ನಿಲ್ಲುತ್ತಿರಲಿಲ್ಲ. ಇಬ್ಬರೂ ಹೋಗಿ ಸರಪಳಿ ನೋಡಿದೆವು. ಬೀಗ ಗಟ್ಟಿಯಿತ್ತು.

ಅಲ್ಲಿ ನಿಂತಾಗ ಹುಡುಗ ಒಂದು ಒಳ್ಳೆ ಪ್ರಶ್ನೆ ಕೇಳಿದ. ಲೈನ್ ನಂಬರ್‌ನಲ್ಲಿ ಎಫ್‌ಒ ಅಂತಿದೆ, ಬರ್ನರ್‌ಗೆ ಹೋಗುವ ಕಂಟ್ರೋಲ್ ವಾಲ್ವ್ ಕೆಳಗೆ ಎಫ್‌ಸಿ ಅಂತಿದೆ, ಕೂಲಿಂಗ್ ವಾಟರ್ ವಾಲ್ವ್ ಕೆಳಗೆ ಮತ್ತೆ ಎಫ್‌ಒ ಇದೆ, ಅಲ್ಲೂ ಫರ್ನೇಸ್ ಆಯಿಲ್ಲಾ ಸರ್ ಅಂತ. ಲೈನ್ ನಂಬರ್‌ನೊಳಗೆ ಇದ್ದರೆ ಅದು ಒಳಗೆ ಹರಿಯುವ ವಸ್ತುವಿನ ಕೋಡ್. ವಾಲ್ವ್ ಕೆಳಗೆ ಇದ್ದರೆ, ಇನ್‌ಸ್ಟ್ರುಮೆಂಟ್ ಏರ್ ಹೋದಾಗ ಆ ವಾಲ್ವ್ ಏನಾಗುತ್ತದೆ ಎಂಬ ಮಾತು: ಎಫ್‌ಒ ತೆರೆದುಕೊಳ್ಳುತ್ತದೆ, ಎಫ್‌ಸಿ ಮುಚ್ಚಿಕೊಳ್ಳುತ್ತದೆ. ಬರ್ನರ್‌ಗೆ ಎಣ್ಣೆ ನಿಲ್ಲಬೇಕು, ಕೂಲಿಂಗ್‌ಗೆ ನೀರು ಹರಿಯಬೇಕು, ಅದಕ್ಕೇ ಹಾಗೆ.

ಎ1 ಪ್ರಿಂಟ್‌ಗೆ ಇಂಡೆಂಟ್ ಹಾಕಿದ್ದೇನೆ, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ನಮ್ಮ ಶಿಫ್ಟ್‌ನ ಕಾಪಿಗಳಲ್ಲಿ ಪ್ರತಿ ಪಂಪ್ ಪಕ್ಕ ಕೆಂಪು ಪೆನ್ನಿನಲ್ಲಿ ಅದು ಯಾವ ಪಂಪ್, ಡಿಸ್ಚಾರ್ಜ್ ಓಪನ್ನೋ ಕ್ಲೋಸೋ ಅಂತ ಬರೆಯುತ್ತಿದ್ದೇವೆ. ಮೂಲ ಶೀಟ್ ಜತೆ ತಾಳೆ ನೋಡಿ, ಫೀಲ್ಡ್‌ಗೆ ಹೋಗಿ ನೇಮ್ ಪ್ಲೇಟ್ ಓದಿದ ಮೇಲಷ್ಟೇ ಬರೆಯುವುದು. ಆ ಕೆಲಸ ಹುಡುಗನದ್ದು. ಡೋಸಿಂಗ್ ಪಂಪ್‌ಗಳ ಶೀಟ್ ಇನ್ನೂ ಬಾಕಿಯಿದೆ.