ಪ್ರಬಂಧದಿಂದ ಪೋಸ್ಟರ್‌ಗೆ

ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಕುರಿತು ನಾನು ಬರೆದಿದ್ದ ಸಂಶೋಧನಾ ಪ್ರಬಂಧವನ್ನು ವಿಚಾರ ಸಂಕಿರಣವೊಂದರಲ್ಲಿ ಪೋಸ್ಟರ್ ರೂಪದಲ್ಲಿ ಮಂಡಿಸಬೇಕೆಂಬ ಸೂಚನೆ ಬಂದಾಗ, ಇಡೀ ಭಾನುವಾರವನ್ನು ದಾವಣಗೆರೆಯಲ್ಲಿ ನನ್ನ ಮಾರ್ಗದರ್ಶಕರ ಮನೆಯಲ್ಲಿ ಆ ಕೆಲಸಕ್ಕೇ ಮೀಸಲಿಟ್ಟೆವು. ಅವರು ಮೊದಲು ಪ್ರಬಂಧವನ್ನು ಮುಚ್ಚಿಟ್ಟು, "ಇದರಲ್ಲಿ ನೀನು ಕಂಡುಕೊಂಡದ್ದನ್ನು ಒಂದೇ ವಾಕ್ಯದಲ್ಲಿ ಹೇಳು," ಎಂದರು. ಕ್ಯಾಲ್ಸಿಯಂ ಕಡಿಮೆಯಿರುವ ಬಾವಿಗಳಲ್ಲಿಯೇ ಫ್ಲೋರೈಡ್ ಹೆಚ್ಚಾಗಿದೆ ಎಂದೆ. ಅದನ್ನೇ ಪೋಸ್ಟರ್‌ನ ಶೀರ್ಷಿಕೆಯಾಗಿಸಿದೆವು. 'ಅಂತರ್ಜಲದ ಭೂರಾಸಾಯನಿಕ ಅಧ್ಯಯನ' ಎಂಬ ಪ್ರಬಂಧದ ಶೀರ್ಷಿಕೆ ಗ್ರಂಥಾಲಯದಲ್ಲಿ ಹುಡುಕುವವರಿಗೆ ಅನುಕೂಲವಾದರೂ, ಸಭಾಂಗಣದಲ್ಲಿ ನಡೆದು ಹೋಗುವವರಿಗೆ ಏನನ್ನೂ ತಿಳಿಸುವುದಿಲ್ಲ.

ಆ ವಾಕ್ಯ ಸಿಕ್ಕ ಮೇಲೆ, ಯಾವುದು ಉಳಿಯಬೇಕು ಎಂಬುದಕ್ಕೆ ಒಂದು ಅಳತೆ ದೊರೆಯಿತು: ಆ ವಾಕ್ಯವನ್ನು ನಂಬಲು ಓದುಗರಿಗೆ ಬೇಕಾದದ್ದು ಉಳಿಯುತ್ತದೆ, ಬೇಡದ್ದು ಹೋಗುತ್ತದೆ. ಸಾರಾಂಶ ಹೋಯಿತು, ಏಕೆಂದರೆ ಪೋಸ್ಟರೇ ಒಂದು ಸಾರಾಂಶ. ಹಿಂದಿನ ಅಧ್ಯಯನಗಳ ಸಮೀಕ್ಷೆ ಎರಡು ಸಾಲಿಗೆ ಇಳಿಯಿತು. ಪ್ರತಿ ಬಾವಿಯ ಎಲ್ಲ ಅಯಾನುಗಳ ಪ್ರಮಾಣವನ್ನು ತೋರಿಸುವ ದೊಡ್ಡ ಕೋಷ್ಟಕದ ಜಾಗಕ್ಕೆ, ಒಂದು ಅಕ್ಷದಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಫ್ಲೋರೈಡ್ ಇರುವ ಒಂದೇ ಚುಕ್ಕೆ ನಕ್ಷೆ ಬಂದಿತು. ಅದರ ಮೇಲೆ ಲೀಟರಿಗೆ 1.5 ಮಿಲಿಗ್ರಾಂನಲ್ಲಿ ಅಡ್ಡಗೆರೆಯೊಂದನ್ನು ಎಳೆದೆವು. ಬೇರೆ ಜಲಮೂಲವಿಲ್ಲದಾಗ ಕುಡಿಯುವ ನೀರಿನ ಫ್ಲೋರೈಡಿಗೆ ಭಾರತೀಯ ಮಾನಕವು ಒಪ್ಪುವ ಗರಿಷ್ಠ ಮಿತಿ ಅದು. ಗೆರೆಗಿಂತ ಮೇಲಿರುವ ಚುಕ್ಕೆಗಳು ಕ್ಯಾಲ್ಸಿಯಂ ಕಡಿಮೆಯಿರುವ ಎಡಭಾಗದಲ್ಲಿ ಗುಂಪುಗೂಡಿರುವುದನ್ನು ವಿವರಣೆಯಿಲ್ಲದೆ ಯಾರಾದರೂ ಕಾಣಬಲ್ಲರು.

ಅಯಾನುಗಳ ಪ್ರಮಾಣದಿಂದ ನೀರಿನ ಬಗೆಯನ್ನು ಗುರುತಿಸುವ ಪೈಪರ್ ನಕ್ಷೆಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಲ್ಲಿ ಒಮ್ಮತವಿರಲಿಲ್ಲ. "ಮೇಡಂ, ಅದಿಲ್ಲದಿದ್ದರೆ ಅಂತರ್ಜಲ ತಜ್ಞರು ನೀರಿನ ಬಗೆ ಯಾವುದೆಂದು ಕೇಳುತ್ತಾರೆ," ಎಂದೆ. ಕೇಳಲಿ, ಆದರೆ ಅದನ್ನು ಓದಲು ಬಲ್ಲವರು ಕೆಲವರೇ, ಅವರಿಗಾಗಿ ಎ4 ಹಾಳೆಯಲ್ಲಿ ಅಚ್ಚುಹಾಕಿಸಿ ಕೈಯಲ್ಲಿಟ್ಟುಕೋ ಎಂದರು. ಅದರ ಸಾರವನ್ನು ನಾವು ಕಾರಣದ ಭಾಗಕ್ಕೆ ಸೇರಿಸಿದೆವು: ಸೋಡಿಯಂ ಬೈಕಾರ್ಬನೇಟ್ ಬಗೆಯ ಕ್ಷಾರೀಯ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಹೊರಬೀಳುತ್ತದೆ, ಫ್ಲೋರೈಡನ್ನು ಹಿಡಿದಿಡುವ ಕ್ಯಾಲ್ಸಿಯಂ ಹೀಗೆ ಕಡಿಮೆಯಾದಾಗ ಶಿಲೆಯಲ್ಲಿರುವ ಫ್ಲೋರೈಟ್ ಖನಿಜ ಇನ್ನಷ್ಟು ಕರಗುತ್ತದೆ. ನನ್ನ ಪ್ರಬಂಧದಲ್ಲಿ ಇದು ಚರ್ಚೆಯ ಕೊನೆಯ ಪುಟಗಳಲ್ಲಿತ್ತು. ಪೋಸ್ಟರ್‌ನಲ್ಲಿ ಇದು ಚುಕ್ಕೆ ನಕ್ಷೆಗೆ ತಾಗಿಕೊಂಡೇ ಇರಬೇಕು, ಏಕೆಂದರೆ ನಕ್ಷೆಯನ್ನು ನೋಡಿದವರು ಮರುಕ್ಷಣವೇ ಕೇಳುವುದು 'ಹಾಗೇಕೆ' ಎಂದು.

ಹೀಗೆ ಭಾಗಗಳ ಕ್ರಮವೇ ಬದಲಾಯಿತು. 841 ಮಿಲಿಮೀಟರ್ ಅಗಲ, 1189 ಮಿಲಿಮೀಟರ್ ಎತ್ತರದ ಎ0 ಹಾಳೆಯನ್ನು ನಿಲ್ಲಿಸಿ ತೂಗಿಹಾಕಿದಾಗ ಕೆಳಗಿನ ಪಟ್ಟಿ ಸೊಂಟಕ್ಕಿಂತ ಕೆಳಗೆ ಬೀಳುತ್ತದೆ. ಪ್ರಬಂಧದ ಕ್ರಮವನ್ನೇ ಅನುಸರಿಸಿದರೆ ತೀರ್ಮಾನವು ಅಲ್ಲಿಗೇ ಹೋಗಿ ಸೇರುತ್ತದೆ. ಆದ್ದರಿಂದ ಶೀರ್ಷಿಕೆಯ ಕೆಳಗೆ, ಕಣ್ಣಿನ ಮಟ್ಟದಲ್ಲಿ, ಎಡಕ್ಕೆ ಚುಕ್ಕೆ ನಕ್ಷೆಯನ್ನೂ ಬಲಕ್ಕೆ ಕಾರಣವನ್ನೂ ಇಟ್ಟೆವು. ಬಾವಿಗಳ ಸ್ಥಳ ಮತ್ತು ಮಾದರಿ ಸಂಗ್ರಹಣೆಯ ವಿಧಾನ ಅದರ ಕೆಳಗೆ ಬಂದವು, ಆಕರಗಳೂ ಕೃತಜ್ಞತೆಯೂ ತಳಕ್ಕೆ ಇಳಿದವು.

ಪ್ರಬಂಧದ ಚಿತ್ರಗಳನ್ನು ಹಾಗೆಯೇ ಅಂಟಿಸಲು ಮೇಡಂ ಬಿಡಲಿಲ್ಲ. ಪತ್ರಿಕೆಯ ಒಂದು ಅಂಕಣಕ್ಕೆಂದು ಎಂಟೂವರೆ ಸೆಂಟಿಮೀಟರ್ ಅಗಲದಲ್ಲಿ, ಇಂಚಿಗೆ 300 ಬಿಂದುಗಳಂತೆ ಸಿದ್ಧವಾದ ಚಿತ್ರವನ್ನು ಐವತ್ತು ಸೆಂಟಿಮೀಟರಿಗೆ ಹಿಗ್ಗಿಸಿದರೆ ಇಂಚಿಗೆ ಸುಮಾರು ಐವತ್ತು ಬಿಂದುಗಳಷ್ಟೇ ಉಳಿದು ಅಂಚುಗಳು ಮಸುಕಾಗುತ್ತವೆ. ಆದುದರಿಂದ ಮೂಲ ಅಂಕಿಗಳಿಂದ ಅದನ್ನು ಮತ್ತೆ ರಚಿಸಿ, ಎಷ್ಟು ಹಿಗ್ಗಿಸಿದರೂ ಮಸುಕಾಗದ ವೆಕ್ಟರ್ ರೂಪದಲ್ಲಿ ಉಳಿಸಿದೆ.

ಸಂಜೆ ಇಡೀ ಪೋಸ್ಟರನ್ನು ಎ4 ಹಾಳೆಯಲ್ಲಿ ಅಚ್ಚುಹಾಕಿ, ಸುಮಾರು ನಲವತ್ತು ಸೆಂಟಿಮೀಟರ್ ದೂರ ಹಿಡಿದು ಓದಿದೆವು. ಎ4ರ ಉದ್ದಗಲಗಳು ಎ0ಯ ಕಾಲುಭಾಗವಾಗಿರುವುದರಿಂದ, ಅದು ದೊಡ್ಡ ಹಾಳೆಯನ್ನು ಒಂದೂವರೆ ಮೀಟರಿಗಿಂತ ತುಸು ದೂರದಿಂದ ಓದಿದಂತೆ. 24 ಪಾಯಿಂಟ್‌ನ ಅಕ್ಷರಗಳು ಅಲ್ಲಿ 6 ಪಾಯಿಂಟ್ ಆಗಿ ಕಣ್ಣಿಗೆ ತ್ರಾಸವಾದವು. ಅವನ್ನು 32ಕ್ಕೆ ಏರಿಸಲು ಜಾಗ ಬೇಕಾಗಿ, ವಿಧಾನದ ಭಾಗದಿಂದ ಇನ್ನೂ ಕೆಲವು ವಾಕ್ಯಗಳನ್ನು ತೆಗೆದೆವು.

ಮಾದರಿಗಳನ್ನು ಮುಂಗಾರಿಗೆ ಮುನ್ನವಷ್ಟೇ ಸಂಗ್ರಹಿಸಲಾಗಿದೆ, ಮಳೆಯ ನಂತರದ ಸ್ಥಿತಿ ಇದರಿಂದ ತಿಳಿಯದು ಎಂಬ ವಾಕ್ಯವೂ ಆಗ ತೆಗೆಯುವ ಪಟ್ಟಿಯಲ್ಲಿತ್ತು. ಅದನ್ನು ನಾನು ಬಿಡಲೊಪ್ಪಲಿಲ್ಲ. ಶೀರ್ಷಿಕೆ ಅಷ್ಟು ದೃಢವಾಗಿ ಮಾತನಾಡುವಾಗ ಆ ಮಾತಿನ ಮಿತಿ ಓದುಗರ ಕಣ್ಣಿಗೆ ಬೀಳಲೇಬೇಕೆಂದು ನಾನು ಭಾವಿಸುತ್ತೇನೆ. ಮೇಡಂ ಒಪ್ಪಿ, ಆ ವಾಕ್ಯವನ್ನು ಚುಕ್ಕೆ ನಕ್ಷೆಯ ಅಡಿಬರಹಕ್ಕೆ ಸೇರಿಸಿದರು, ಮತ್ತು ಅದಕ್ಕೂ 32 ಪಾಯಿಂಟ್‌ನ ಗಾತ್ರವನ್ನೇ ಕೊಟ್ಟೆವು.