ಒಂದೇ ಸ್ಲೈಡ್

ಬದಿಯಡ್ಕದಲ್ಲಿ ನಮ್ಮ ಅಡಿಕೆ ಗೋದಾಮಿನ ಮಾಡು ಸೋರುತ್ತದೆ. ಸಂಘದ ಅಧ್ಯಕ್ಷರಿಗೆ ತೋರಿಸಲು ಒಂದು ಸ್ಲೈಡ್ ಮಾಡಿದ್ದೆ. ಮೇಲೆ 'ಗೋದಾಮಿನ ದುರಸ್ತಿ' ಎಂಬ ತಲೆಬರಹ, ಕೆಳಗೆ ಹದಿನಾಲ್ಕು ಸಾಲು. ಅವರು ಓದಿ, "ಸರಿ, ಈಗ ನಾನೇನು ಮಾಡ್ಬೇಕು?" ಎಂದರು. ಅದು ಸ್ಲೈಡಿನಲ್ಲಿ ಎಲ್ಲೂ ಇರಲಿಲ್ಲ.

ರಾತ್ರಿ ಕೂತು ಬದಲಾಯಿಸಿದೆ. ತಲೆಬರಹವೇ ಉತ್ತರವಾಯಿತು: 'ಏಪ್ರಿಲ್ 20ರೊಳಗೆ 6 ಲಕ್ಷಕ್ಕೆ ಒಪ್ಪಿಗೆ ಕೊಟ್ಟರೆ ಮಳೆಗೆ ಮೊದಲು ಹೊಸ ಮಾಡು ಸಿದ್ಧ'. ಸ್ಥಿತಿಗೆ ಎರಡೇ ಸಾಲು. ಆಮೇಲೆ ಮೂರು ದಾರಿ. ತೇಪೆ ಹಾಕಿದರೆ 80 ಸಾವಿರ, ಹತ್ತು ದಿನ, ಆದರೆ ಒಂದೇ ಮಳೆಗಾಲಕ್ಕೆ. ಬೇರೆ ಗೋದಾಮು ಹಿಡಿದರೆ ನಾಲ್ಕು ತಿಂಗಳಿಗೆ 1.6 ಲಕ್ಷ ಬಾಡಿಗೆ, ಸಾಗಾಟ ಬೇರೆ, ಮುಂದಿನ ವರ್ಷ ಮತ್ತೆ ಅದೇ ಖರ್ಚು. ಮಾಡು ಪೂರ್ತಿ ಬದಲಿಸಿದರೆ 6 ಲಕ್ಷ, ಐದು ವಾರ, ಆದರೆ ಹಲವು ವರ್ಷ ಬಾಳುತ್ತದೆ. ಮೂರನ್ನೂ ಒಂದೇ ಅಳತೆಯಲ್ಲಿ ಇಟ್ಟೆ: ಹಣ, ಸಮಯ, ಎಷ್ಟು ಕಾಲ ಬಾಳುತ್ತದೆ. ಮೊದಲು ಒಂದಕ್ಕೆ ಖರ್ಚು, ಇನ್ನೊಂದಕ್ಕೆ ಬರೀ ಲಾಭ ಬರೆದಿದ್ದೆ. ಹಾಗಿದ್ದರೆ ಹೋಲಿಸುವುದು ಹೇಗೆ, ಅಲ್ವಾ?

20ನೇ ತಾರೀಕನ್ನು ಸುಮ್ನೆ ಹಾಕಿದ್ದಲ್ಲ. ನಮ್ಮಲ್ಲಿ ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಅಲ್ಲಿಂದ ಐದು ವಾರ ಕೆಲಸಕ್ಕೆ, ಒಂದು ವಾರ ಕೈಯಲ್ಲಿರಲಿ ಎಂದು ಹಿಂದಕ್ಕೆ ಎಣಿಸಿದ್ದು. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಆ ದಿನ ದಾಟಿದರೆ ನನ್ನ ಸಲಹೆ ಬದಲಾಗುತ್ತದೆ, ಆಗ ಬಾಡಿಗೆ ಗೋದಾಮೇ ಸರಿ.

ಶೀಟಿನ ದಪ್ಪ, ಹಳೇ ಬಿಲ್ಲುಗಳೆಲ್ಲ ಬೇರೆ ಪುಟಕ್ಕೆ ಹೋದವು. ಕೇಳಿದರೆ ತೋರಿಸಬಹುದು.

ಬೆಳಿಗ್ಗೆ ತಂಗಿಗೆ ಒಂದು ನಿಮಿಷ ತೋರಿಸಿ ಫೋನ್ ಮುಚ್ಚಿದೆ. "ಯಾವಾಗ ಒಪ್ಪಬೇಕು, ಎಷ್ಟಕ್ಕೆ?" ಎಂದು ಕೇಳಿದೆ. ಎರಡನ್ನೂ ಸರಿಯಾಗಿ ಹೇಳಿದಳು. ಈಗ ಅಧ್ಯಕ್ಷರ ಮನೆಗೆ ಹೊರಟಿದ್ದೇನೆ.