ಹಲವು ಮಧ್ಯರಾತ್ರಿಗಳನ್ನು ದಾಟುವ ರೈಲು: ತಲುಪುವ ವಾರ, ತಾರೀಖು ತಿಳಿಯುವ ಬಗೆ

ಮೂರು ರಾತ್ರಿಗಳನ್ನು ರೈಲಿನಲ್ಲೇ ಕಳೆಯಬೇಕಾದ ಪ್ರಯಾಣವೊಂದನ್ನು ನಾನು ಮತ್ತು ನನ್ನ ಅಕ್ಕ 2025ರ ಫೆಬ್ರವರಿಯ ಕೊನೆಯಲ್ಲಿ ಮಾಡಿದೆವು. ರೈಲು ಹೊರಡುವ ಮೂಲ ನಿಲ್ದಾಣದಿಂದಲ್ಲದೆ, ನಡುವಿನ ಒಂದು ನಿಲ್ದಾಣದಿಂದ ನಾವು ಹತ್ತಬೇಕಿತ್ತು. ಟಿಕೆಟಿನಲ್ಲಿ ಫೆಬ್ರವರಿ 27, ಗುರುವಾರ, 01:15 ಎಂದಿತ್ತು. ನಾನು ಕ್ಯಾಲೆಂಡರಿನಲ್ಲಿ 27ಕ್ಕೆ ಗುರುತು ಹಾಕಿ, ಗುರುವಾರ ಹಗಲೆಲ್ಲ ಸಾಮಾನು ಕಟ್ಟಿ ರಾತ್ರಿ ಊಟ ಮುಗಿಸಿ ಹೊರಡುವುದೆಂದು ನಿಶ್ಚಯಿಸಿದ್ದೆ. ಬುಧವಾರ ಮಧ್ಯಾಹ್ನ ಟಿಕೆಟನ್ನು ಕೈಗೆತ್ತಿಕೊಂಡು ಓದಿದ ಅಕ್ಕ, "ಇವತ್ತು ರಾತ್ರಿಯೇ ಹೊರಡಬೇಕಲ್ಲವೇನೋ?" ಎಂದು ಕೇಳದೆ ಇದ್ದಿದ್ದರೆ ರೈಲು ನಮ್ಮನ್ನು ಬಿಟ್ಟು ಹೋಗಿ ಹದಿನೆಂಟು ಗಂಟೆಯಾದ ಮೇಲೆ ನಾವು ನಿಲ್ದಾಣ ಸೇರುತ್ತಿದ್ದೆವು.

ಈ ತಪ್ಪಿನ ಮೂಲ ನಮ್ಮ ಮಾತಿನ ರೂಢಿಯಲ್ಲೇ ಇದೆ. ಬುಧವಾರ ಮಲಗಿ ಗುರುವಾರ ಏಳುವ ತನಕದ ಹೊತ್ತನ್ನೆಲ್ಲ ನಾವು "ಬುಧವಾರ ರಾತ್ರಿ" ಎನ್ನುತ್ತೇವೆ. ರೈಲಿನ ಗಡಿಯಾರಕ್ಕೆ ಅಂಥ ರಾತ್ರಿ ಇಲ್ಲ; 23:59 ಆದೊಡನೆ 00:00 ಆಗುತ್ತದೆ, ಅಲ್ಲಿಗೆ ವಾರವೂ ತಾರೀಖೂ ಬದಲಾಗುತ್ತವೆ. ಆದ್ದರಿಂದ ಟಿಕೆಟಿನಲ್ಲಿ 00:00ರಿಂದ ನಸುಕಿನವರೆಗಿನ ಯಾವುದೇ ಸಮಯ ಕಂಡರೆ, ಹಿಂದಿನ ದಿನದ ರಾತ್ರಿಯೇ ನಿಲ್ದಾಣಕ್ಕೆ ಹೋಗಬೇಕೆಂದು ಬೇರೆಯಾಗಿ ಬರೆದಿಟ್ಟುಕೊಳ್ಳಿ.

ತಲುಪುವ ದಿನದ ಲೆಕ್ಕಕ್ಕೆ ಬೇಕಾದದ್ದು ವೇಳಾಪಟ್ಟಿಯಲ್ಲಿ ನಿಲ್ದಾಣದ ಹೆಸರಿನ ಪಕ್ಕದಲ್ಲಿರುವ "ದಿನ" ಎಂಬ ಅಂಕಣ. ನಮ್ಮ ರೈಲು ಮೂಲ ನಿಲ್ದಾಣವನ್ನು ಪ್ರತಿ ಮಂಗಳವಾರ 22:40ಕ್ಕೆ ಬಿಡುತ್ತಿತ್ತು. ಅದು 1ನೇ ದಿನ. ನಾವು ಹತ್ತುವ ನಿಲ್ದಾಣದ ಮುಂದೆ 3 ಎಂದೂ, ಇಳಿಯುವ ನಿಲ್ದಾಣದ ಮುಂದೆ 00:20, ದಿನ 6 ಎಂದೂ ಇತ್ತು. ಈ ಅಂಕಿಗಳು ರೈಲಿನ ದಿನಗಳೇ ಹೊರತು ನಮ್ಮ ಪ್ರಯಾಣದ ದಿನಗಳಲ್ಲ. ಮೂಲದಲ್ಲಿ ರೈಲು ಹೊರಟು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆಲ್ಲ ಮಧ್ಯರಾತ್ರಿ ದಾಟುವುದರಿಂದ, ಅದರ ಮೊದಲ "ದಿನ" ಎರಡು ಗಂಟೆಯಷ್ಟೂ ಇರಲಿಲ್ಲ. "ಆರನೇ ದಿನ" ಎಂಬುದನ್ನು ಓದಿ ನಾವು ಹತ್ತಿದ ಮೇಲೆ ಆರು ದಿನ ಎಂದುಕೊಂಡರೆ ಲೆಕ್ಕ ಪೂರ್ತಿ ಕೆಡುತ್ತದೆ. ಇಳಿಯುವ ನಿಲ್ದಾಣದ ದಿನದಿಂದ ಹತ್ತುವ ನಿಲ್ದಾಣದ ದಿನವನ್ನು ಕಳೆಯಬೇಕು: 6ರಲ್ಲಿ 3 ಕಳೆದರೆ 3. ರೈಲಿನಲ್ಲಿ ಕುಳಿತು ನಾವು ದಾಟುವ ಮಧ್ಯರಾತ್ರಿಗಳು ಅಷ್ಟೇ. ಗುರುವಾರಕ್ಕೆ ಮೂರು ದಿನ ಕೂಡಿಸಿದರೆ ಭಾನುವಾರ.

ತಾರೀಖಿಗೂ ಅದೇ ಮೂರನ್ನು ಕೂಡಿಸಬೇಕು. 27ಕ್ಕೆ 3 ಸೇರಿದರೆ 30. 2025ರ ಫೆಬ್ರವರಿಗೆ 28 ದಿನಗಳಿದ್ದುದರಿಂದ 28 ಕಳೆದು ಮಾರ್ಚ್ 2. ಅಧಿಕ ವರ್ಷವಾಗಿದ್ದ 2024ರಲ್ಲಿ ಇದೇ 27ರಂದು ಹತ್ತಿದ್ದರೆ ಮಾರ್ಚ್ 1ಕ್ಕೆ ಇಳಿಯುತ್ತಿದ್ದೆವು. ವಾರವನ್ನೂ ತಾರೀಖನ್ನೂ ಬೇರೆ ಬೇರೆಯಾಗಿ ಎಣಿಸಿ, ಕೊನೆಗೆ ಕ್ಯಾಲೆಂಡರಿನಲ್ಲಿ ಎರಡೂ ಒಂದೇ ಚೌಕದಲ್ಲಿ ಬೀಳುತ್ತವೆಯೇ ಎಂದು ನೋಡುವುದು ನನಗೆ ಬಹಳ ನೆಚ್ಚಿನ ಕ್ರಮ, ಏಕೆಂದರೆ ತಿಂಗಳ ಕೊನೆಯಲ್ಲಿ ಆಗುವ ತಪ್ಪು ಅಲ್ಲಿ ತಾನಾಗಿ ಹೊರಬೀಳುತ್ತದೆ.

ದಿನದ ಅಂಕಣವನ್ನು ಒಂದು ಸಾಲು ಮೇಲೆ ಕೆಳಗೆ ಓದಿಬಿಡುವುದು ಸುಲಭವಾದ್ದರಿಂದ, ಪ್ರಯಾಣದ ಒಟ್ಟು ಗಂಟೆಗಳಿಂದ ಇನ್ನೊಮ್ಮೆ ತಾಳೆ ನೋಡಬೇಕು. ನಮ್ಮ ಪ್ರಯಾಣಕ್ಕೆ 71 ಗಂಟೆ 5 ನಿಮಿಷ ಎಂದು ತೋರಿಸಿತ್ತು. ಹೊರಡುವ ಸಮಯ 01:15ಕ್ಕೆ ಇದನ್ನು ಕೂಡಿಸಿದರೆ 72 ಗಂಟೆ 20 ನಿಮಿಷ. ಅದರಲ್ಲಿ 24 ಗಂಟೆಗಳು ಮೂರು ಸಲ ಕಳೆದು ಉಳಿಯುವುದು 20 ನಿಮಿಷ, ಅಂದರೆ 00:20. ಕಳೆದ ಸಲಗಳೇ ಮಧ್ಯರಾತ್ರಿಗಳು, ಉಳಿದದ್ದೇ ತಲುಪುವ ಸಮಯ. ಹೊರಡುವ ಸಮಯವನ್ನು ಕೂಡಿಸದೆ ಬರೀ 71 ಗಂಟೆಯನ್ನು 24ರಿಂದ ಭಾಗಿಸಿದ್ದರೆ ಎರಡೇ ಸಿಗುತ್ತಿತ್ತು, ಶನಿವಾರ ಎಂಬ ತಪ್ಪು ಉತ್ತರ ಬರುತ್ತಿತ್ತು.

ಈ ತಾಳೆ ಕೂಡದಿದ್ದರೆ ಎರಡು ಕಡೆ ಹುಡುಕಿ. ಒಂದು, ಮಧ್ಯರಾತ್ರಿಯ ಆಚೀಚೆ ನಿಲ್ಲುವ ನಿಲ್ದಾಣ. ರೈಲು 23:56ಕ್ಕೆ ಬಂದು 00:06ಕ್ಕೆ ಹೊರಡುವಲ್ಲಿ ಬರುವ ದಿನ ಒಂದು, ಹೊರಡುವ ದಿನ ಇನ್ನೊಂದು. ಪಟ್ಟಿಯಲ್ಲಿ ಮಾತ್ರ ಒಂದೇ ಅಂಕಿ ಇರಬಹುದು. ಅಂಥಲ್ಲಿ ಹತ್ತುವವರು ಹೊರಡುವ ಸಮಯದ ದಿನವನ್ನೂ, ಇಳಿಯುವವರು ಬರುವ ಸಮಯದ ದಿನವನ್ನೂ ಹಿಡಿಯಬೇಕು. ಎರಡು, ದಾರಿಯಲ್ಲಿ ಗಡಿಯಾರವೇ ಬದಲಾಗುವ ದೇಶ. ಮಾಸ್ಕೋದಿಂದ ವ್ಲಾದಿವೊಸ್ತೋಕ್‌ಗೆ ಹೋಗುವಾಗ ಏಳು ಗಂಟೆಗಳ ವ್ಯತ್ಯಾಸವಿದೆ. ಅಲ್ಲಿ ಹಿಂದೆ ಟಿಕೆಟಿನಲ್ಲಿ ಉದ್ದಕ್ಕೂ ಮಾಸ್ಕೋ ಸಮಯವೇ ಇರುತ್ತಿತ್ತು, 2018ರ ಆಗಸ್ಟ್‌ನಿಂದ ಆಯಾ ಊರಿನ ಸಮಯ ಬರುತ್ತಿದೆ. ಹೀಗಾಗಿ ಪೂರ್ವಕ್ಕೆ ಹೋಗುವವರು ಗಂಟೆಗಳ ಮೊತ್ತಕ್ಕೆ ಆ ಏಳನ್ನೂ ಸೇರಿಸಿದ ಮೇಲೆಯೇ 24ರ ಲೆಕ್ಕ ಮಾಡಬೇಕು, ಪಶ್ಚಿಮಕ್ಕೆ ಬರುವವರು ಕಳೆಯಬೇಕು.

ರೈಲು ಎಲ್ಲಿದೆ ಎಂದು ಫೋನಿನಲ್ಲಿ ಹುಡುಕುವಾಗಲೂ ದಿನದ ಅಂಕಣ ನೆನಪಿರಲಿ. ಬುಧವಾರ ಸಂಜೆ ನಾನು ಹತ್ತುವ ತಾರೀಖಾದ 27ನ್ನು ಕೊಟ್ಟಾಗ ಆ ದಿನ ಈ ರೈಲೇ ಇಲ್ಲ ಎಂಬ ಉತ್ತರ ಬಂತು. ರೈಲು ರದ್ದಾಯಿತೇನೋ ಎಂದು ಗಾಬರಿಪಟ್ಟೆವು. ಕೇಳುತ್ತಿದ್ದುದು ರೈಲು ಮೂಲ ನಿಲ್ದಾಣ ಬಿಟ್ಟ ತಾರೀಖನ್ನು. ನಮ್ಮದು 3ನೇ ದಿನದ ನಿಲ್ದಾಣವಾದ್ದರಿಂದ ಎರಡು ದಿನ ಹಿಂದೆ ಹೋಗಿ 25, ಮಂಗಳವಾರ ಎಂದು ಕೊಟ್ಟೊಡನೆ ರೈಲು ಸರಿಯಾದ ವೇಳೆಗೆ ಬರುತ್ತಿದೆ ಎಂದು ಕಂಡಿತು.

ಇಳಿದ ಮೇಲಿನ ಏರ್ಪಾಡಿಗೆ ಇಷ್ಟೇ ಎಚ್ಚರ ಬೇಕು. ಮಾರ್ಚ್ 2ರ 00:20ಕ್ಕೆ ಇಳಿಯುವವರು ಕೋಣೆಯನ್ನು ಮಾರ್ಚ್ 1ರ ರಾತ್ರಿಗೆ ಕಾದಿರಿಸಬೇಕು, ತಡವಾಗಿ ಬರುತ್ತೇವೆಂದೂ ತಿಳಿಸಬೇಕು. ತಲುಪುವ ತಾರೀಖನ್ನೇ ಹಾಕಿದರೆ ಕೋಣೆ ಸಿಗುವುದು ಆ ಮಧ್ಯಾಹ್ನಕ್ಕೆ. ಕರೆದೊಯ್ಯಲು ಬರುವ ಗೆಳೆಯನಿಗೆ "ಭಾನುವಾರ ರಾತ್ರಿ ಹನ್ನೆರಡೂ ಇಪ್ಪತ್ತು" ಎಂದು ಬರೆಯಲು ಹೊರಟಿದ್ದೆ, ಅಕ್ಕ ತಡೆದಳು. ಹಾಗೆ ಬರೆದಿದ್ದರೆ ಅವನು ಪೂರಾ ಒಂದು ದಿನ ತಡವಾಗಿ ಬರುತ್ತಿದ್ದ. ಕೊನೆಗೆ ಕಳಿಸಿದ ಸಂದೇಶ ಹೀಗಿತ್ತು: "ಮಾರ್ಚ್ 1, ಶನಿವಾರ ರಾತ್ರಿ ಊಟವಾದ ಮೇಲೆ ಹೊರಡು. ರೈಲಿನ ವೇಳೆ ಮಾರ್ಚ್ 2, ಭಾನುವಾರ, 00:20." ಕೊನೆಯ ನಿಲ್ದಾಣಕ್ಕೆ ಮುನ್ನ ವೇಳಾಪಟ್ಟಿಯಲ್ಲಿ ಕೆಲವು ನಿಮಿಷ ಹೆಚ್ಚಾಗಿ ಇಟ್ಟಿರುವುದುಂಟು. ಆ ದಿನ ಎಲ್ಲೂ ತಡವಾಗದ್ದರಿಂದ ನಮ್ಮ ರೈಲು 23:48ಕ್ಕೇ, ಇನ್ನೂ ಶನಿವಾರವಿರುವಾಗಲೇ, ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು. ಗೆಳೆಯ ಆಗಲೇ ಮೆಟ್ಟಿಲ ಹತ್ತಿರ ಕಾಯುತ್ತಿದ್ದ.